ವ್ಯತ್ಯಾಸದ ಸಾಲುಗಳು ಸಮವಾಗದಿದ್ದಾಗ: n-ನೇ ಪದವನ್ನು ಊಹಿಸುವ ಬಗೆ

ಪ್ರಶ್ನೆ: ನಾನು ಪ್ರಥಮ ಪಿಯುಸಿ ವಿದ್ಯಾರ್ಥಿನಿ. ನೋಟ್ಸ್‌ನಲ್ಲಿ 4, 7, 16, 37, 67, 139, 232, 361 ಅನ್ನೋ ಶ್ರೇಢಿಗೆ ವ್ಯತ್ಯಾಸ ತೆಗೆದು n-ನೇ ಪದ ಬರೆಯಿರಿ ಅಂತ ಇದೆ. ಏಳು ಸಾಲು ಇಳಿದರೂ ಎಲ್ಲೂ ಒಂದೇ ಸಂಖ್ಯೆ ಬರ್ತಿಲ್ಲ, ಕೊನೆಗೆ 315 ಅಂತ ಒಂದು ಉಳೀತು. ಎಲ್ಲಿ ತಪ್ಪಿದೆ? ಇನ್ನೊಂದು: 1, 2, 4, 8, 16 ಆದಮೇಲೆ 32 ಅಂತ ನಾನು ಬರೆದೆ, ಗೆಳತಿ 31 ಅಂತಾಳೆ. ಯಾರದು ಸರಿ? ಎಷ್ಟು ಪದ ಇದ್ದರೆ ಸೂತ್ರ ನಂಬಬಹುದು?

ಉತ್ತರ: ನೀವು ಕಳೆದದ್ದರಲ್ಲಿ ತಪ್ಪಿಲ್ಲ. ನಿಮಗೆ ಸಿಕ್ಕ ಶ್ರೇಢಿಯಲ್ಲೇ ಐದನೆಯ ಪದ ತಪ್ಪಾಗಿರುವ ಹಾಗೆ ಕಾಣುತ್ತದೆ. ಅಲ್ಲಿ 76 ಇರಬೇಕಿತ್ತು, ಯಾರೋ ನಕಲು ಮಾಡುವಾಗ ಅಂಕಿಗಳನ್ನು ಅದಲುಬದಲು ಮಾಡಿ 67 ಎಂದು ಬರೆದಿದ್ದಾರೆ. ಉತ್ತರದ ಪುಟ ನೋಡದೆ ಇದನ್ನು ಹೇಳಲು ಬರುವುದು ಹೇಗೆ ಎಂದರೆ, ತಪ್ಪು ಎಲ್ಲಿದೆ, ಎಷ್ಟಿದೆ ಎಂಬ ಎರಡನ್ನೂ ನೀವು ಬರೆದ ಸಾಲುಗಳೇ ತೋರಿಸುತ್ತಿವೆ.

ನಿಮ್ಮ ಕೋಷ್ಟಕ ಹೀಗಿರಬೇಕು:

```
4   7   16   37   67   139   232   361
  3   9   21   30   72   93   129
    6   12   9   42   21   36
      6   -3   33   -21   15
       -9   36   -54   36
         45   -90   90
          -135   180
             315
```

ಮೊದಲು ಕಳೆಯುವಲ್ಲಿ ಎಡವಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಅದಕ್ಕೆ ಸುಲಭದ ತಾಳೆ ಒಂದಿದೆ. ಯಾವುದೇ ಸಾಲಿನ ಸಂಖ್ಯೆಗಳನ್ನೆಲ್ಲ ಕೂಡಿದರೆ, ಅದರ ಮೇಲಿನ ಸಾಲಿನ ಕೊನೆಯ ಸಂಖ್ಯೆಯಿಂದ ಮೊದಲ ಸಂಖ್ಯೆಯನ್ನು ಕಳೆದಷ್ಟು ಬರಬೇಕು. ಒಂದನೇ ಸಾಲನ್ನು ಕೂಡಿ: 3 + 9 + 21 + 30 + 72 + 93 + 129 = 357. ಮೇಲೆ 361 − 4 ಕೂಡ 357. ಎರಡನೇ ಸಾಲಿನ ಮೊತ್ತ 126, ಮೇಲೆ 129 − 3 ಕೂಡ 126. ಋಣ ಸಂಖ್ಯೆಗಳು ಬಂದ ಮೇಲೆ ಚಿಹ್ನೆ ತಪ್ಪುವುದು ಹೆಚ್ಚು (−21ರಿಂದ 33 ಕಳೆದಾಗ −54 ಬರಬೇಕು, 12 ಅಲ್ಲ), ಆಗಲೂ ಈ ತಾಳೆ ಹಿಡಿದುಕೊಡುತ್ತದೆ. ಮೂರನೇ ಸಾಲಿನ ಮೊತ್ತ 30, ಮೇಲೆ 36 − 6 ಕೂಡ 30. ಎಲ್ಲ ಸಾಲುಗಳೂ ತಾಳೆಯಾದವು ಎಂದರೆ ದೋಷ ಕಳೆಯುವಿಕೆಯಲ್ಲಿಲ್ಲ, ಕೊಟ್ಟ ಪದಗಳಲ್ಲೇ ಇದೆ, ಇಲ್ಲವೇ ಈ ಶ್ರೇಢಿ ವ್ಯತ್ಯಾಸಕ್ಕೆ ಬಗ್ಗುವ ಜಾತಿಯದಲ್ಲ.

ಈ ಎರಡರಲ್ಲಿ ಯಾವುದು ಎಂದು ತಿಳಿಯಲು ಸಾಲುಗಳು ಕೆಳಗಿಳಿದಂತೆ ಏನಾಗುತ್ತಿದೆ ನೋಡಿ. ಮೇಲೆ ಪದಗಳು ನಯವಾಗಿ ಏರುತ್ತಿವೆ, ಕೆಳಗೆ ಧನ, ಋಣ, ಧನ, ಋಣ ಎಂದು ಚಿಹ್ನೆ ಬದಲಾಗುತ್ತಾ ಸಂಖ್ಯೆಗಳು ಉಬ್ಬುತ್ತಿವೆ. ಒಂದೇ ಒಂದು ಪದ ತಪ್ಪಿದಾಗ ಹೀಗಾಗುತ್ತದೆ. ಎಲ್ಲ ಪದಗಳೂ ಸೊನ್ನೆಯಾಗಿದ್ದು ನಡುವೆ ಒಂದು ಕಡೆ ಮಾತ್ರ 1 ಇದೆ ಎಂದುಕೊಳ್ಳಿ. ಅದರ ವ್ಯತ್ಯಾಸಗಳು ಮೊದಲ ಸಾಲಿನಲ್ಲಿ 1, −1. ಎರಡನೆಯದರಲ್ಲಿ 1, −2, 1. ಮೂರನೆಯದರಲ್ಲಿ 1, −3, 3, −1. ನಾಲ್ಕನೆಯದರಲ್ಲಿ 1, −4, 6, −4, 1. ಚಿಹ್ನೆ ಬಿಟ್ಟರೆ ಇವು ಪ್ಯಾಸ್ಕಲ್ ತ್ರಿಭುಜದ ಸಾಲುಗಳೇ. ಒಂದು ಪದದಲ್ಲಿ ಆದ ತಪ್ಪು ಕೆಳಗಿಳಿಯುತ್ತಾ ಹೀಗೆ ಅಗಲವಾಗಿ ಹರಡುತ್ತದೆ, ದೊಡ್ಡದೂ ಆಗುತ್ತದೆ.

ಈಗ ನಿಮ್ಮ ನಾಲ್ಕನೇ ಸಾಲು: −9, 36, −54, 36. ಎಲ್ಲವನ್ನೂ −9ರಿಂದ ಭಾಗಿಸಿದರೆ 1, −4, 6, −4. ಐದನೆಯ 1 ಕಾಣಿಸಬೇಕಾದರೆ ಒಂಬತ್ತನೆಯ ಪದ ಬೇಕಿತ್ತು, ಅದು ನಿಮ್ಮ ಬಳಿ ಇಲ್ಲ. ಅಂದರೆ ಸರಿಯಾದ ಶ್ರೇಢಿಯಲ್ಲಿ ಈ ಸಾಲು ಪೂರ್ತಿ ಸೊನ್ನೆ, ಇಲ್ಲಿರುವುದೆಲ್ಲ ಬರೀ ತಪ್ಪಿನ ನೆರಳು. ತಪ್ಪಿನ ಅಳತೆ −9, ಅಂದರೆ ಪದವೊಂದು ಒಂಬತ್ತು ಕಡಿಮೆಯಾಗಿದೆ. ಯಾವ ಪದ? ನಡುವಿನ 6ಕ್ಕೆ ಸಿಕ್ಕಿರುವುದು −54, ಅದು ಸಾಲಿನ ಮೂರನೆಯ ಸಂಖ್ಯೆ. ನಾಲ್ಕನೇ ಸಾಲಿನ ಮೂರನೆಯ ಸಂಖ್ಯೆ ಹುಟ್ಟುವುದು 3ರಿಂದ 7ರವರೆಗಿನ ಐದು ಪದಗಳಿಂದ, ಅವುಗಳ ನಡುವಿನದು ಐದನೆಯ ಪದ. ಆದ್ದರಿಂದ 67 + 9 = 76. ತಪ್ಪು 9 ಎಂದು ಬಂದದ್ದೂ ಒಂದು ಸುಳಿವು: ಎರಡಂಕಿಯ ಸಂಖ್ಯೆಯಲ್ಲಿ ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ 9ರ ಗುಣಕವೇ ಆಗಿರುತ್ತದೆ. ಮೂಲ ಪುಸ್ತಕ ಸಿಕ್ಕರೆ ಒಮ್ಮೆ ನೋಡಿ ಖಾತ್ರಿ ಮಾಡಿಕೊಳ್ಳಿ.

ತಪ್ಪಿದ ಪದ ನಡುವೆ ಇದ್ದುದರಿಂದ ಇಷ್ಟು ಸ್ಪಷ್ಟವಾಗಿ ಸಿಕ್ಕಿತು. ಕೊನೆಯ ಪದವೇ ತಪ್ಪಿದ್ದರೆ ಪ್ರತಿ ಸಾಲಿನ ಕೊನೆಯ ಸಂಖ್ಯೆ ಮಾತ್ರ ಕೆಡುತ್ತದೆ. 6, 6, 6, 6, 11 ಎಂಬಂಥ ಸಾಲು ಸಿಕ್ಕಾಗ ಅದು ನಕಲಿನ ತಪ್ಪೋ, ಶ್ರೇಢಿ ಅಲ್ಲಿಂದ ನಿಜವಾಗಿಯೂ ಬೇರೆ ದಾರಿ ಹಿಡಿಯಿತೋ ಎಂದು ಕೋಷ್ಟಕ ಹೇಳಲಾರದು. ಇನ್ನೊಂದೆರಡು ಪದ ಬೇಕೇ ಬೇಕು.

76 ಹಾಕಿ ಮತ್ತೆ ಬರೆಯಿರಿ:

```
4   7   16   37   76   139   232   361
  3   9   21   39   63   93   129
    6   12   18   24   30   36
      6   6   6   6   6
```

ಮೂರನೇ ಸಾಲು ಸ್ಥಿರವಾಯಿತು. ಇದರರ್ಥ, n-ನೇ ಪದ n³ ಇರುವ ಬಹುಪದೋಕ್ತಿ. ಕಾರಣ ದೂರವಿಲ್ಲ. n³ ಎಂಬ ಶ್ರೇಢಿಯಲ್ಲಿ ಅಕ್ಕಪಕ್ಕದ ಪದಗಳ ವ್ಯತ್ಯಾಸ (n+1)³ − n³ = 3n² + 3n + 1. ಘನ ಹೋಗಿ ವರ್ಗ ಉಳಿಯಿತು. ಅದರ ವ್ಯತ್ಯಾಸ 6n + 6, ಅದರದು 6. ಒಂದೊಂದು ಸಾಲು ಇಳಿದಾಗಲೂ ಘಾತ ಒಂದು ಕಡಿಮೆಯಾಗುತ್ತದೆ, ಆ ಘಾತವೇ ಗುಣಕವಾಗಿ ಮುಂದೆ ಬಂದು ನಿಲ್ಲುತ್ತದೆ. ಹಾಗಾಗಿ ಒಂದನೇ ಸಾಲು ಸ್ಥಿರವಾದರೆ ಅದು ನಿಮಗೆ ಗೊತ್ತಿರುವ ಸಮಾಂತರ ಶ್ರೇಢಿ, ಎರಡನೆಯದು ಸ್ಥಿರವಾದರೆ n² ಇರುವ ಸೂತ್ರ, ಮೂರನೆಯದಾದರೆ n³ ಇರುವ ಸೂತ್ರ. ಅತಿ ದೊಡ್ಡ ಘಾತದ ಸಹಗುಣಕ ಬೇಕೆಂದರೆ ಆ ಸ್ಥಿರ ಸಂಖ್ಯೆಯನ್ನು ವರ್ಗಕ್ಕೆ 2ರಿಂದ, ಘನಕ್ಕೆ 6ರಿಂದ, ನಾಲ್ಕನೇ ಘಾತಕ್ಕೆ 24ರಿಂದ ಭಾಗಿಸಬೇಕು. ಎರಡನೇ ಸಾಲಿನಲ್ಲಿ 6 ಬಂದರೆ 6n² ಎಂದು ಬರೆದುಬಿಡುವುದು ಉತ್ತರಪತ್ರಿಕೆಗಳಲ್ಲಿ ಬಲು ಸಾಮಾನ್ಯ. ಅದು 3n² ಆಗಬೇಕು.

ಸೂತ್ರ ಬರೆಯಲು ಎರಡು ದಾರಿಗಳಿವೆ. ಎರಡನ್ನೂ ಕಲಿಯಿರಿ, ಒಂದರಿಂದ ಮಾಡಿದ್ದನ್ನು ಇನ್ನೊಂದರಿಂದ ಪರೀಕ್ಷಿಸಬಹುದು.

ಮೊದಲ ದಾರಿಯಲ್ಲಿ ದೊಡ್ಡ ಘಾತವನ್ನು ಒಂದೊಂದಾಗಿ ಸುಲಿದು ತೆಗೆಯುತ್ತೇವೆ. ಇಲ್ಲಿ ಸ್ಥಿರ ಸಂಖ್ಯೆ 6, ಅದನ್ನು 6ರಿಂದ ಭಾಗಿಸಿದರೆ 1, ಆದ್ದರಿಂದ ಸೂತ್ರದಲ್ಲಿ ಒಂದು n³ ಇದೆ. ಪ್ರತಿ ಪದದಿಂದ n³ ಕಳೆಯಿರಿ: 4 − 1, 7 − 8, 16 − 27, 37 − 64, 76 − 125, 139 − 216. ಉಳಿದದ್ದು 3, −1, −11, −27, −49, −77. ಇದಕ್ಕೆ ಹೊಸದಾಗಿ ವ್ಯತ್ಯಾಸ ತೆಗೆದರೆ −4, −10, −16, −22, −28, ಅದರ ಕೆಳಗೆ ಎಲ್ಲವೂ −6. ಅರ್ಧ ಮಾಡಿದರೆ −3, ಅಂದರೆ −3n². ಅದನ್ನೂ ತೆಗೆಯಿರಿ, ಅಂದರೆ 3n² ಕೂಡಿಸಿ: 6, 11, 16, 21, 26, 31. ಐದೈದು ಏರುವ ಸಮಾಂತರ ಶ್ರೇಢಿ, 5n + 1. ಎಲ್ಲ ಸೇರಿಸಿದರೆ a_n = n³ − 3n² + 5n + 1. ಈ ದಾರಿಯ ಗುಣವೇನೆಂದರೆ ತಪ್ಪು ಮಾಡಿದರೆ ಕೂಡಲೇ ಗೊತ್ತಾಗುತ್ತದೆ. n³ ಕಳೆದ ಮೇಲೂ ಮೂರನೇ ಸಾಲಿನವರೆಗೆ ಇಳಿಯಬೇಕಾಗಿ ಬಂದರೆ ಸಹಗುಣಕ ತಪ್ಪಿದೆ ಎಂದೇ ಅರ್ಥ.

ಎರಡನೆಯದು ಗ್ರೆಗರಿ–ನ್ಯೂಟನ್ ಸೂತ್ರದ ದಾರಿ. ಇದಕ್ಕೆ ಕೋಷ್ಟಕದ ಎಡ ಅಂಚಿನಲ್ಲಿ ಇಳಿಯುವ ಸಂಖ್ಯೆಗಳು ಮಾತ್ರ ಸಾಕು, ಇಲ್ಲಿ 4, 3, 6, 6. ಇವನ್ನು p, q, r, s ಎನ್ನೋಣ. ಎರಡನೇ ಪದ p + q. ಮೂರನೆಯದಕ್ಕೆ ಹೋಗುವಾಗ q ಇದ್ದದ್ದು q + r ಆಗಿರುತ್ತದೆ, ಆದ್ದರಿಂದ ಮೂರನೇ ಪದ p + 2q + r. ನಾಲ್ಕನೆಯದು p + 3q + 3r + s. ಮತ್ತೆ ಪ್ಯಾಸ್ಕಲ್ ತ್ರಿಭುಜವೇ ಬಂತು, ಈ ಸಲ ಎಲ್ಲವೂ ಧನ. ಹೀಗಾಗಿ n-ನೇ ಪದ:

```
a_n = p + q(n-1) + r(n-1)(n-2)/2 + s(n-1)(n-2)(n-3)/6
```

ನಮ್ಮ ಸಂಖ್ಯೆಗಳನ್ನು ಹಾಕಿದರೆ 4 + 3(n−1) + 3(n−1)(n−2) + (n−1)(n−2)(n−3). ಬಿಡಿಸಿದರೆ ಅದೇ n³ − 3n² + 5n + 1. ಇಲ್ಲಿ ಎಡವುವ ಜಾಗ n − 1. ಮೊದಲ ಪದದಿಂದ n-ನೇ ಪದಕ್ಕೆ ಹೋಗಲು n − 1 ಹೆಜ್ಜೆ ಇಡುತ್ತೇವೆ, n ಹೆಜ್ಜೆಯಲ್ಲ. ಪುಸ್ತಕ ಮೊದಲ ಪದವನ್ನು a₀ ಎಂದು ಎಣಿಸಿದ್ದರೆ ಮಾತ್ರ n, n−1, n−2 ಎಂದು ಬರೆಯಬೇಕು. ಬರೆದಾದ ಮೇಲೆ n = 1 ಹಾಕಿ ನೋಡಿ. ಮೊದಲ ಪದ ಬಿಟ್ಟು ಉಳಿದುದೆಲ್ಲ ಸೊನ್ನೆಯಾಗಬೇಕು. ಆಮೇಲೆ ಕೊನೆಯ ಪದವನ್ನೂ ಪರೀಕ್ಷಿಸಿ: n = 8 ಆದಾಗ 512 − 192 + 40 + 1 = 361.

ಸಾಲುಗಳು ಸ್ಥಿರವಾಗದೆ ಇರುವುದಕ್ಕೆ ತಪ್ಪು ಪದವಷ್ಟೇ ಕಾರಣವಲ್ಲ. 3, 8, 17, 32, 57, 100, 177 ತೆಗೆದುಕೊಳ್ಳಿ. ಒಂದನೇ ಸಾಲು 5, 9, 15, 25, 43, 77. ಎರಡನೆಯದು 4, 6, 10, 18, 34. ಮೂರನೆಯದು 2, 4, 8, 16. ಇನ್ನು ಎಷ್ಟು ಇಳಿದರೂ ಪ್ರಯೋಜನವಿಲ್ಲ, ಏಕೆಂದರೆ 2, 4, 8, 16ರ ವ್ಯತ್ಯಾಸ 2, 4, 8. ದುಪ್ಪಟ್ಟಾಗುವ ಗುಣೋತ್ತರ ಶ್ರೇಢಿಯ ವ್ಯತ್ಯಾಸ ಅದೇ ಶ್ರೇಢಿ. ಅನುಪಾತ 3 ಇದ್ದರೂ ವ್ಯತ್ಯಾಸದ ಸಾಲು ಮೂರುಪಟ್ಟಾಗುತ್ತಲೇ ಹೋಗುತ್ತದೆ. ಆದ್ದರಿಂದ ಸಾಲೊಂದರಲ್ಲಿ ಗುಣೋತ್ತರ ಕಂಡ ಕೂಡಲೇ ನಿಲ್ಲಿಸಿ, ಅನುಪಾತ 2 ಇದ್ದರೆ ಅದನ್ನೇ ಮೂಲ ಶ್ರೇಢಿಯಿಂದ ಕಳೆಯಿರಿ, 3 ಇದ್ದರೆ ಇಳಿದ ಪ್ರತಿ ಸಾಲಿಗೆ ಒಮ್ಮೆ 2ರಿಂದ ಭಾಗಿಸಿ ಕಳೆಯಿರಿ. ಇಲ್ಲಿ 2ⁿ ಕಳೆದರೆ 1, 4, 9, 16, 25 ಉಳಿಯುತ್ತದೆ. ಉತ್ತರ 2ⁿ + n².

ಇನ್ನೊಂದು ಬಗೆ 0, 1, 2, 4, 6, 9, 12, 16. ಒಂದನೇ ಸಾಲು 1, 1, 2, 2, 3, 3, 4, ಎರಡನೆಯದು 0, 1, 0, 1, 0, 1, ಮೂರನೆಯದು 1, −1, 1, −1, 1. ಅದರ ಕೆಳಗೆ −2, 2, −2, 2, ಹೀಗೆ ದುಪ್ಪಟ್ಟಾಗುತ್ತಾ ಹೋಗುತ್ತದೆ. ಇದನ್ನು ತಪ್ಪು ಪದದ ಗುರುತೆಂದು ತಿಳಿಯಬಾರದು. ತಪ್ಪು ಪದದ ನೆರಳು ನಡುವೆ ಉಬ್ಬಿ ಎರಡೂ ಅಂಚಿಗೆ ಸಣ್ಣದಾಗುತ್ತದೆ, ಇಲ್ಲಿ ಸಾಲಿನುದ್ದಕ್ಕೂ ಒಂದೇ ಅಳತೆ ಇದೆ. ಇದು ಸಮ–ಬೆಸ ಸ್ಥಾನಗಳಿಗೆ ಬೇರೆ ಬೇರೆ ಸೂತ್ರ ಇರುವ ಶ್ರೇಢಿಯ ಲಕ್ಷಣ. ಸಮ ಸ್ಥಾನದವನ್ನು ಮಾತ್ರ ಆರಿಸಿದರೆ 1, 4, 9, 16, ಬೆಸ ಸ್ಥಾನದವು 0, 2, 6, 12. ಮೊದಲನೆಯದರ k-ನೇ ಪದ k², ಎರಡನೆಯದರದು k(k−1).

ಇನ್ನು 31 ಮತ್ತು 32ರ ಜಗಳ. ಬರೀ 1, 2, 4, 8, 16 ಎಂದಷ್ಟೇ ಕೊಟ್ಟಿದ್ದರೆ ಇಬ್ಬರಲ್ಲಿ ಯಾರನ್ನೂ ತಪ್ಪು ಎನ್ನಲಾಗದು. ನಿಮ್ಮ ಗೆಳತಿ ಬಹುಶಃ ಹೀಗೆ ಮಾಡಿರಬೇಕು:

```
1   2   4   8   16
  1   2   4   8
    1   2   4
      1   2
        1
```

ನಾಲ್ಕನೇ ಸಾಲಿನಲ್ಲಿ 1 ಸಿಕ್ಕಿತು, ಅದು ಸ್ಥಿರ ಎಂದುಕೊಂಡು ಪಕ್ಕದಲ್ಲಿ ಇನ್ನೊಂದು 1 ಬರೆದು ಮೇಲಕ್ಕೆ ಕೂಡುತ್ತಾ ಹೋದರೆ 3, 7, 15, ಕೊನೆಗೆ 31. ಲೆಕ್ಕ ಸರಿ. ಆದರೆ ಆ ಸಾಲಿನಲ್ಲಿ ಇರುವುದೇ ಒಂದು ಸಂಖ್ಯೆ. ಒಂಟಿ ಸಂಖ್ಯೆಯ ಸಾಲು ಯಾವಾಗಲೂ ಸ್ಥಿರವಾಗಿಯೇ ಕಾಣುತ್ತದೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ನಿಮಗೆ ಕೊನೆಯಲ್ಲಿ ಉಳಿದ 315 ಕೂಡ ಅಂಥದ್ದೇ. ಅದನ್ನು ಸ್ಥಿರ ಎಂದು ಹಿಡಿದು ಏಳನೇ ಘಾತದ ಸೂತ್ರ ಬರೆದಿದ್ದರೆ, ಅದು 67 ಸೇರಿ ನಿಮ್ಮ ಎಂಟು ಪದಗಳನ್ನೂ ಚಾಚೂ ತಪ್ಪದೆ ಕೊಡುತ್ತಿತ್ತು. ಎಷ್ಟೇ ಪದ ಕೊಟ್ಟರೂ ಅವುಗಳ ಮೇಲೆ ಹಾಯುವ ಬಹುಪದೋಕ್ತಿ ಒಂದು ಇದ್ದೇ ಇರುತ್ತದೆ.

ಅಷ್ಟೇ ಅಲ್ಲ, ಆರನೇ ಪದ 100 ಬರುವ ಸೂತ್ರವೂ ಬೇಕಾದರೆ ಸಿಗುತ್ತದೆ. 2ⁿ⁻¹ಕ್ಕೆ (17/30)(n−1)(n−2)(n−3)(n−4)(n−5) ಸೇರಿಸಿ. n ಒಂದರಿಂದ ಐದರವರೆಗೆ ಇರುವಾಗ ಸೇರಿಸಿದ್ದು ಸೊನ್ನೆ, ಮೊದಲ ಐದು ಪದಗಳಿಗೆ ಏನೂ ಆಗುವುದಿಲ್ಲ. n = 6 ಆದಾಗ ಅದು (17/30) × 120 = 68, 32ಕ್ಕೆ ಸೇರಿದರೆ 100. ಹಾಗಾಗಿ "ಮುಂದಿನ ಪದ ಯಾವುದು" ಎಂಬ ಪ್ರಶ್ನೆಗೆ ನಿಜವಾದ ಅರ್ಥ "ಸರಳವಾದ ನಿಯಮ ಯಾವುದು" ಎಂದು. ಆ ಲೆಕ್ಕದಲ್ಲಿ ಐದು ಪದಗಳಿಗೆ ದುಪ್ಪಟ್ಟಾಗುವುದೇ ಹೆಚ್ಚು ಸರಳ. ಬೇರೆ ವಿವರವಿಲ್ಲದ ಪ್ರಶ್ನೆಯಲ್ಲಿ ನಾನಾದರೂ 32 ಎಂದೇ ಬರೆಯುತ್ತೇನೆ.

ಆದರೆ ಗೆಳತಿಯ 31ಕ್ಕೂ ನಿಜವಾದ ನೆಲೆ ಇದೆ, ಅದನ್ನು ತಿಳಿದುಕೊಂಡೇ ಮುಂದೆ ಹೋಗಬೇಕು. ಒಂದು ವೃತ್ತದ ಮೇಲೆ n ಬಿಂದುಗಳನ್ನಿಟ್ಟು, ಪ್ರತಿ ಜೋಡಿಯ ನಡುವೆ ಜ್ಯಾ ಎಳೆಯಿರಿ. ವೃತ್ತದ ಒಳಭಾಗ ಎಷ್ಟು ತುಂಡಾಗುತ್ತದೆ? ಒಂದು ಬಿಂದುವಿಗೆ 1, ಎರಡಕ್ಕೆ 2, ಮೂರಕ್ಕೆ 4, ನಾಲ್ಕಕ್ಕೆ 8, ಐದಕ್ಕೆ 16. ಆರಕ್ಕೆ 32 ಬರುವುದಿಲ್ಲ, 31. ಮುಂದೆ 57, 99, 163. ಈ ಒಂಬತ್ತು ಪದಗಳಿಗೆ ಕೋಷ್ಟಕ ಬರೆದರೆ ಮೂರನೇ ಸಾಲು 1, 2, 3, 4, 5, 6, ನಾಲ್ಕನೇ ಸಾಲು 1, 1, 1, 1, 1. ಐದು ಪದಗಳಿದ್ದಾಗ ಒಂಟಿಯಾಗಿದ್ದ 1ರ ಪಕ್ಕದಲ್ಲಿ ಈಗ ನಾಲ್ಕು ಸಾಕ್ಷಿಗಳು ನಿಂತಿವೆ. ಎಡ ಅಂಚು 1, 1, 1, 1, 1, ಬಿಡಿಸಿದರೆ ಸೂತ್ರ (n⁴ − 6n³ + 23n² − 18n + 24)/24. ಹತ್ತನೇ ಪದ 256. ಅದು ಮತ್ತೆ ಎರಡರ ಘಾತವಾಗಿರುವುದು ಕೇವಲ ಕಾಕತಾಳೀಯ, ದುಪ್ಪಟ್ಟಿನ ನಿಯಮದಲ್ಲಿ ಹತ್ತನೆಯದು 512 ಆಗಬೇಕಿತ್ತು.

ಇಲ್ಲಿ ಮಾತ್ರ ಊಹೆಯಲ್ಲಿ ನಿಲ್ಲಬೇಕಾಗಿಲ್ಲ, ಸಾಧನೆಯೂ ಇದೆ. ಜ್ಯಾಗಳನ್ನು ಒಂದೊಂದಾಗಿ ಎಳೆಯಿರಿ. ಹೊಸ ಜ್ಯಾ ಯಾವುದನ್ನೂ ಕತ್ತರಿಸದಿದ್ದರೆ ಒಂದು ತುಂಡು ಹೆಚ್ಚುತ್ತದೆ. ಹಳೆಯ ಜ್ಯಾಗಳನ್ನು ಕತ್ತರಿಸಿದರೆ, ಕತ್ತರಿಸುವ ಪ್ರತಿ ಬಿಂದುವಿಗೆ ಇನ್ನೊಂದೊಂದು ಹೆಚ್ಚುತ್ತದೆ. ಆದ್ದರಿಂದ ಒಟ್ಟು ತುಂಡುಗಳು 1 + ಜ್ಯಾಗಳ ಸಂಖ್ಯೆ + ಒಳಗಿನ ಛೇದನ ಬಿಂದುಗಳ ಸಂಖ್ಯೆ. ಎರಡು ಬಿಂದು ಆರಿಸಿದರೆ ಒಂದು ಜ್ಯಾ, ನಾಲ್ಕು ಬಿಂದು ಆರಿಸಿದರೆ ಒಂದು ಛೇದನ. ಆರು ಬಿಂದುಗಳಿಂದ ಎರಡನ್ನು ಆರಿಸಲು 15 ಬಗೆ, ನಾಲ್ಕನ್ನು ಆರಿಸಲೂ 15 ಬಗೆ: 1 + 15 + 15 = 31. ಕಾಗದದ ಮೇಲೆ ಎಳೆದು ಎಣಿಸುವಿರಾದರೆ ಒಂದು ಎಚ್ಚರ. ಆರು ಬಿಂದುಗಳನ್ನು ಕೈವಾರದಿಂದ ಸಮ ಅಂತರದಲ್ಲಿ ಇಟ್ಟರೆ 30 ಮಾತ್ರ ಸಿಗುತ್ತದೆ, ಏಕೆಂದರೆ ಮೂರು ಉದ್ದ ಜ್ಯಾಗಳು ಕೇಂದ್ರದಲ್ಲಿ ಒಟ್ಟಿಗೆ ಸೇರಿ, ನಡುವೆ ಇರಬೇಕಾದ ಪುಟ್ಟ ತ್ರಿಭುಜ ಮಾಯವಾಗುತ್ತದೆ. ಬಿಂದುಗಳನ್ನು ಸ್ವಲ್ಪ ಅತ್ತಿತ್ತ ಸರಿಸಿ.

ಹಾಗಾದರೆ ಎಷ್ಟು ಪದ ಇದ್ದರೆ ನಂಬಬಹುದು? ಸ್ಥಿರವಾದ ಸಾಲಿನಲ್ಲಿ ಒಂದೇ ಸಂಖ್ಯೆ ಕಡಿಮೆಯೆಂದರೆ ಮೂರು ಸಲ ಬಂದಿರಲಿ. ಅದಕ್ಕೆ ವರ್ಗದ ಸೂತ್ರವಾದರೆ ಐದು ಪದ, ಘನದ ಸೂತ್ರವಾದರೆ ಆರು, ನಾಲ್ಕನೇ ಘಾತಕ್ಕೆ ಏಳು ಬೇಕು. ಇನ್ನೂ ಚೆನ್ನಾಗಿ ಪರೀಕ್ಷಿಸಬೇಕೆಂದರೆ ಕೊನೆಯ ಒಂದು ಪದವನ್ನು ಮುಚ್ಚಿಟ್ಟು, ಉಳಿದವುಗಳಿಂದ ಸೂತ್ರ ಬರೆದು, ಮುಚ್ಚಿಟ್ಟದ್ದು ಬರುತ್ತದೆಯೇ ನೋಡಿ. ಪರೀಕ್ಷೆಯ ಪ್ರಶ್ನೆಗಳಿಗೆ ಇದು ಧಾರಾಳವಾಗಿ ಸಾಕು.

ಸಾಧನೆ ಇಲ್ಲದ ಕಡೆ ಇದೂ ಸೋಲಬಹುದು, ಅದಕ್ಕೆ ನಮ್ಮಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಆರ್ಯಭಟ ಕ್ರಿ.ಶ. 499ರ ಸುಮಾರಿಗೆ ಬರೆದ ಆರ್ಯಭಟೀಯದಲ್ಲಿ ಜ್ಯಾ ಕೋಷ್ಟಕವನ್ನು, ಅಂದರೆ ಇಂದಿನ ಸೈನ್ ಬೆಲೆಗಳನ್ನು 3438ರಿಂದ ಗುಣಿಸಿದ ಕೋಷ್ಟಕವನ್ನು, ವ್ಯತ್ಯಾಸಗಳ ರೂಪದಲ್ಲೇ ಕೊಟ್ಟಿದ್ದಾನೆ. ಮಖಿ, ಭಖಿ, ಫಖಿ, ಧಖಿ, ಣಖಿ, ಞಖಿ ಎಂದು ಆರಂಭವಾಗುವ ಆ ಅಕ್ಷರಸಂಖ್ಯೆಗಳು 225, 224, 222, 219, 215, 210. ಸೊನ್ನೆಯಿಂದ ಇವನ್ನು ಕೂಡುತ್ತಾ ಹೋದರೆ ಸಿಗುವ ಶ್ರೇಢಿ 0, 225, 449, 671, 890, 1105, 1315. ಎರಡನೇ ವ್ಯತ್ಯಾಸ −1, −2, −3, −4, −5. ಮೂರನೆಯದು −1, −1, −1, −1. ಏಳು ಪದ, ಒಂದೇ ಸಂಖ್ಯೆ ನಾಲ್ಕು ಸಲ, ಮೇಲೆ ಹೇಳಿದ ಅಳತೆಗೋಲನ್ನು ಈ ಶ್ರೇಢಿ ಸಲೀಸಾಗಿ ದಾಟುತ್ತದೆ. ಆ ಸೂತ್ರದ ಪ್ರಕಾರ ಮುಂದಿನ ಪದ 1519. ಆರ್ಯಭಟನ ಮುಂದಿನ ವ್ಯತ್ಯಾಸ 205, ಅಂದರೆ ಪದ 1520. ಒಂದೇ ಒಂದು ಅಂಕಿಯ ತಪ್ಪು ಎಂದು ಬಿಟ್ಟು ಮುಂದುವರಿದರೆ, 90 ಡಿಗ್ರಿಗೆ ಸಲ್ಲುವ 24ನೇ ಹೆಜ್ಜೆಯಲ್ಲಿ ಸೂತ್ರ 3100 ಎನ್ನುತ್ತದೆ, ಕೋಷ್ಟಕದಲ್ಲಿ ಇರುವುದು 3438.

ಸೈನ್‌ನ ಎರಡನೇ ವ್ಯತ್ಯಾಸ ಮತ್ತೆ ಸೈನ್‌ಗೇ ಅನುಪಾತದಲ್ಲಿ ಇರುತ್ತದೆ. ಈ ಕೋಷ್ಟಕದಲ್ಲಿ ಅದು ಸುಮಾರಾಗಿ ಪದವನ್ನು 225ರಿಂದ ಭಾಗಿಸಿದಷ್ಟು, ಚಿಹ್ನೆ ಮಾತ್ರ ಋಣ. ಹಾಗಾಗಿ ಎಷ್ಟು ಸಾಲು ಇಳಿದರೂ ಅದು ಸ್ಥಿರವಾಗಲಾರದು. ಮೊದಲ ಕೆಲವು ಪದಗಳು 225ರ ಗುಣಕಗಳಿಗೆ ಹತ್ತಿರ ಇರುವುದರಿಂದಲೂ, ಎಲ್ಲವನ್ನೂ ಪೂರ್ಣಾಂಕಕ್ಕೆ ಸರಿಹೊಂದಿಸಿರುವುದರಿಂದಲೂ 1, 2, 3, 4, 5 ಎಂದು ನೇರವಾಗಿ ಏರಿದಂತೆ ಕಂಡಿತು. ಅಳೆದು ತಂದ ಅಥವಾ ದಶಮಾಂಶ ಬಿಟ್ಟು ಬರೆದ ಸಂಖ್ಯೆಗಳ ಮೇಲೆ ಈ ವಿಧಾನ ಬಳಸುವಾಗ ಇದು ನೆನಪಿರಲಿ. ಪ್ರತಿ ಪದದಲ್ಲಿ ಅರ್ಧದಷ್ಟು ತಪ್ಪು ಇರಬಹುದಾದರೆ, ನಾಲ್ಕನೇ ಸಾಲಿಗೆ ಬರುವ ಹೊತ್ತಿಗೆ ಅದು 1 + 4 + 6 + 4 + 1 = 16 ಪಟ್ಟಾಗಿ 8ರವರೆಗೆ ಬೆಳೆಯಬಹುದು. ಅಂಥ ಸಾಲಿನಲ್ಲಿ 3, −5, 6, −2 ಎಂದು ಕಂಡರೆ ಅದನ್ನು ಸೊನ್ನೆಯೆಂದೂ ಓದಬಹುದು, ಮೇಲಿನ ಸಾಲನ್ನು ಸ್ಥಿರವೆಂದೂ ತಿಳಿಯಬಹುದು. ನಿಮ್ಮ ನೋಟ್ಸ್‌ನ ಶ್ರೇಢಿಯಲ್ಲಿ ಆ ತೊಡಕಿಲ್ಲ. ಅಲ್ಲಿ ಎಲ್ಲವೂ ನಿಖರ ಪೂರ್ಣಾಂಕ, 76 ಹಾಕಿದ ಮೇಲೆ ಐದು ಆರುಗಳು ಸಾಲಾಗಿ ಬಂದಿವೆ. ಒಂಬತ್ತನೇ ಪದ ಎಲ್ಲಾದರೂ ಸಿಕ್ಕರೆ 532 ಇದೆಯೇ ನೋಡಿ.